ರಜೆ ಮುಗೀತು, ಅಪ್ಪ ಇನ್ನೂ ವಾರ್ಡಿನಲ್ಲೇ: ಆ ಮೂರು ದಿನದ ಲೆಕ್ಕ ಯಾರದ್ದು?

ಮನೆಯವರಿಗೆ ಆಪರೇಷನ್ ಅಂತ ರಜೆ ಕೇಳುವುದು ಅಷ್ಟೇನೂ ಕಷ್ಟವಲ್ಲ. ಮ್ಯಾನೇಜರ್ ಎಂಥವರಾದರೂ ಆ ಹೊತ್ತಿಗೆ "ಹೋಗಿ ಬನ್ನಿ, ಹುಷಾರಾಗಿ ನೋಡ್ಕೊಳ್ಳಿ" ಅಂದೇ ಅಂತಾರೆ. ಕಷ್ಟ ಶುರುವಾಗೋದು ರಜೆಯ ಕೊನೆಯ ದಿನ. ಆ ಬೆಳಗ್ಗೆ ಡಾಕ್ಟರು ರೌಂಡ್ಸಿಗೆ ಬಂದು "ಇವತ್ತು ಬೇಡ, ಇನ್ನೆರಡು ದಿನ ನೋಡೋಣ" ಅಂದಾಗ, ವಾರ್ಡಿನ ಕಾರಿಡಾರಿನಲ್ಲಿ ಫೋನ್ ಹಿಡಿದು ನಿಂತ ನೌಕರನ ತಲೆಯಲ್ಲಿ ಓಡೋದು ಒಂದೇ ಪ್ರಶ್ನೆ: ಈಗಾಗಲೇ ಕೊಟ್ಟಿರೋ ರಜೆಯನ್ನೇ ಸ್ವಲ್ಪ ಮುಂದುವರಿಸಿದರೆ ಆಯ್ತಲ್ಲ?

ಆಯ್ತು ಅಂತ ನಾವಂದುಕೊಳ್ಳುತ್ತೇವೆ. ನಿಯಮಗಳು ಹಾಗಂದುಕೊಳ್ಳುವುದಿಲ್ಲ. ಮಂಜೂರಾದ ರಜೆ ಮತ್ತು ಅದರ ವಿಸ್ತರಣೆ ಕಾಗದದ ಮೇಲೆ ಎರಡು ಬೇರೆ ಬೇರೆ ಸಂಗತಿಗಳು. ಮೊದಲನೆಯದರ ಅನುಮತಿ ಎರಡನೆಯದಕ್ಕೆ ತಾನಾಗಿ ಹರಿದು ಬರುವುದಿಲ್ಲ. ವಿಸ್ತರಣೆ ಕೇಳಿ ಉತ್ತರ ಬಾರದಿದ್ದರೆ ಅದು ಒಪ್ಪಿಗೆಯೂ ಅಲ್ಲ. ಮುಂದೆ "ಅನಧಿಕೃತ ಗೈರುಹಾಜರಿ" ಎಂಬ ಪದದೊಂದಿಗೆ ಬರುವ ಎಷ್ಟೋ ಪತ್ರಗಳು ಹುಟ್ಟೋದು ಈ ಸಣ್ಣ ಸಂದಿಯಲ್ಲೇ. ಹಾಗಾಗಿ ಈ ಸಂದಿಯೊಳಗೆ ಏನೇನಾಗುತ್ತೆ ಅಂತ ನಿಧಾನವಾಗಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಉದಾಹರಣೆಯ ಹುಡುಗನ ಹೆಸರು ಮಂಜು. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ, ತಿಂಗಳಿಗೆ 36,000 ರೂಪಾಯಿ ಸಂಬಳ. ದಾವಣಗೆರೆಯಲ್ಲಿ ಅಪ್ಪ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಮಂಜು ಬುಧವಾರ, ಗುರುವಾರ, ಶುಕ್ರವಾರ ಮೂರು ದಿನ ಗಳಿಕೆ ರಜೆ ಹಾಕಿದ, ಮಂಜೂರಾಯ್ತು. ಗುರುವಾರ ಆಪರೇಷನ್, ಭಾನುವಾರ ಡಿಸ್ಚಾರ್ಜ್, ಸೋಮವಾರ ಆಫೀಸು ಅನ್ನೋದು ಲೆಕ್ಕ. ಶುಕ್ರವಾರ ರಾತ್ರಿ ಅಪ್ಪನಿಗೆ ಜ್ವರ ಬಂತು. ಶನಿವಾರ ಬೆಳಗ್ಗೆ ರಕ್ತದ ರಿಪೋರ್ಟಿನಲ್ಲಿ ಸೋಡಿಯಂ ಕಡಿಮೆ ಬಂತು, ಮೂತ್ರದ ಸೋಂಕಿನ ಅನುಮಾನ ಅಂದರು. ವಯಸ್ಸಾದವರಲ್ಲಿ ಇಂಥ ಆಪರೇಷನ್ ಆದಮೇಲೆ ಇದು ಅಪರೂಪವೇನಲ್ಲ. "ಮಂಗಳವಾರ, ಬುಧವಾರ ಆಗಬಹುದು" ಅನ್ನೋದು ಡಾಕ್ಟರ ಮಾತು.

ಅಂದರೆ ಮಂಜುಗೆ ಇನ್ನೂ ಮೂರು ದಿನ ಬೇಕು, ಸೋಮವಾರದಿಂದ ಬುಧವಾರದವರೆಗೆ. ಈ ಮೂರು ದಿನಕ್ಕೆ ಕಾನೂನಿನಲ್ಲಿ ಜಾಗ ಎಲ್ಲಿದೆ?

ಮೊದಲು ಇಲ್ಲದಿರುವುದನ್ನು ಹೇಳಿಬಿಡ್ತೀನಿ. ಆಸ್ಪತ್ರೆಯಲ್ಲಿರುವ ಅಪ್ಪ, ಅಮ್ಮ, ಗಂಡ, ಹೆಂಡತಿಯನ್ನು ನೋಡಿಕೊಳ್ಳಲು ಎಂದೇ ಎಲ್ಲ ನೌಕರರಿಗೂ ಸಿಗುವ ರಜೆ ಭಾರತದ ಕಾರ್ಮಿಕ ಕಾನೂನಿನಲ್ಲಿ ಇಲ್ಲ. ಹೆರಿಗೆಗೆ ಇದೆ, ಸ್ವಂತ ಕಾಯಿಲೆಗೆ ಇದೆ. ಇಎಸ್‌ಐ ನೋಡಿ: ವಿಮಾದಾರ ನೌಕರನ ಅವಲಂಬಿತ ತಂದೆತಾಯಿಗೆ ಚಿಕಿತ್ಸೆ ಸಿಗುತ್ತೆ. ನೌಕರ ತಾನೇ ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ದುಡ್ಡೂ ಸಿಗುತ್ತೆ. ಆದರೆ ಅಪ್ಪನ ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತ ದಿನಕ್ಕೆ ಏನೂ ಇಲ್ಲ. ಇತ್ತ ಆಸ್ಪತ್ರೆಗಳು ನಡೆಯೋದೇ ಆ ಸ್ಟೂಲಿನ ಮೇಲೆ ಕೂತವರ ನಂಬಿಕೆ ಮೇಲೆ. ಔಷಧಿ ಚೀಟಿ ಹಿಡಿದು ಫಾರ್ಮಸಿಗೆ ಓಡೋರು, ಸ್ಯಾಂಪಲ್ ಲ್ಯಾಬಿಗೆ ಒಯ್ಯೋರು, ರಕ್ತಕ್ಕೆ ದಾನಿ ಹುಡುಕೋರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋರು, ಇನ್ಶೂರೆನ್ಸ್ ಡೆಸ್ಕಿನ ಮುಂದೆ ನಿಲ್ಲೋರು. ಅಟೆಂಡರ್ ಪಾಸ್ ಕೊಟ್ಟು "ಒಬ್ಬರು ಇರಲೇಬೇಕು" ಅನ್ನುವ ವ್ಯವಸ್ಥೆ ಒಂದು ಕಡೆ, ಆ ಒಬ್ಬರನ್ನು ಲೆಕ್ಕಕ್ಕೇ ತಗೊಳ್ಳದ ಕಾರ್ಮಿಕ ಕಾನೂನು ಇನ್ನೊಂದು ಕಡೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಇಂಥ ಆರೈಕೆಗೆ ವರ್ಷಕ್ಕೆ ಒಂದು ವಾರದ ಸಂಬಳರಹಿತ ರಜೆ ಹಕ್ಕಾಗಿದೆ. ಸಂಬಳ ಇಲ್ಲ ಅನ್ನೋದು ನಿಜ, ಆದರೂ ಕೇಳಿದವನು ತಪ್ಪಿತಸ್ಥನಾಗುವುದಿಲ್ಲ. ನಮ್ಮಲ್ಲಿ ಅಷ್ಟೂ ಇಲ್ಲ.

ಹೀಗಾಗಿ ಮಂಜು ಬೇರೆ ಉದ್ದೇಶಕ್ಕೆ ಇರುವ ರಜೆಗಳಲ್ಲೇ ಜಾಗ ಹುಡುಕಬೇಕು. ಕರ್ನಾಟಕದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಬಾಗಿಲು ಇದೆ, ಬಹಳ ಜನಕ್ಕೆ ಗೊತ್ತಿಲ್ಲ.

ಬೆಂಗಳೂರಿನ ಹೆಚ್ಚಿನ ಆಫೀಸುಗಳು, ಐಟಿ ಕಂಪನಿಗಳೂ ಸೇರಿ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಬರುತ್ತವೆ. ಆಡಳಿತದ ಸ್ಥಾನದಲ್ಲಿರುವವರನ್ನು ಬಿಟ್ಟು ಉಳಿದವರಿಗೆ ಅದು ಅನ್ವಯ. ಅದರ 15ನೇ ಸೆಕ್ಷನ್ನಿನಲ್ಲಿ ಎರಡು ಬಗೆಯ ಸಂಬಳಸಹಿತ ರಜೆ ಇದೆ. ಒಂದು, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸೇರುವ ವಾರ್ಷಿಕ ರಜೆ. ಇನ್ನೊಂದು, ವರ್ಷಕ್ಕೆ 12 ದಿನ ಮೀರದ ರಜೆ. ಈ 12 ದಿನವನ್ನು ಕಂಪನಿಗಳು "ಸಿಕ್ ಲೀವ್" ಅಂತ ಕರೆದು, ಅದರ ಕೆಳಗೆ "ಸ್ವಂತ ಅನಾರೋಗ್ಯಕ್ಕೆ ಮಾತ್ರ" ಅಂತ ಬರೆದಿರುವುದುಂಟು. ಕಾಯ್ದೆ ಅಷ್ಟಕ್ಕೇ ನಿಲ್ಲಿಸಿಲ್ಲ. ನೌಕರನ ಕಾಯಿಲೆ, ಅವನಿಗಾದ ಅಪಘಾತ, ಇವೆರಡರ ಜೊತೆಗೆ ಬೇರೆ ಯಾವುದೇ ಸಮಂಜಸ ಕಾರಣವನ್ನೂ ಅದು ಸೇರಿಸಿಕೊಂಡಿದೆ. ಆಪರೇಷನ್ ಆಗಿ ಜ್ವರದಲ್ಲಿ ಮಲಗಿದ ಅಪ್ಪನ ಪಕ್ಕ ಇರೋದು ಸಮಂಜಸ ಕಾರಣ ಅಲ್ಲ ಅಂತ ವಾದಿಸಲು ಎಚ್‌ಆರ್‌ಗೂ ಸ್ವಲ್ಪ ಧೈರ್ಯ ಬೇಕಾಗುತ್ತೆ. ಗಳಿಕೆ ರಜೆ ಮುಗಿದಿದೆ ಅಂತ ಸೀದಾ ಸಂಬಳ ಕಡಿತಕ್ಕೆ ಒಪ್ಪಿಕೊಳ್ಳುವ ಮೊದಲು, ಈ ಸೆಕ್ಷನ್ನಿನ ಹೆಸರು ಹೇಳಿ, ಉಳಿದಿರುವ ಈ ರಜೆಯಲ್ಲಿ ಸೇರಿಸಿ ಅಂತ ಲಿಖಿತವಾಗಿ ಕೇಳಬಹುದು.

ಇನ್ನು ಕಾರ್ಖಾನೆಗಳ ಕಡೆ ಹೋದರೆ, ವಿಸ್ತರಣೆ ಅನ್ನುವ ಪದ ನೇರವಾಗಿಯೇ ಸಿಗುತ್ತೆ. ಕೈಗಾರಿಕೆಗಳಲ್ಲಿ ಕೆಲಸದ ಷರತ್ತುಗಳನ್ನು ಬರೆದಿಡುವ ದಾಖಲೆಗೆ ಸ್ಟ್ಯಾಂಡಿಂಗ್ ಆರ್ಡರ್ ಅಂತಾರೆ. ಅದಕ್ಕೆ ಕೇಂದ್ರ ಸರ್ಕಾರ 1946ರ ನಿಯಮಗಳಲ್ಲಿ ಒಂದು ಮಾದರಿ ಕೊಟ್ಟಿದೆ, ಬಹಳಷ್ಟು ಕಾರ್ಖಾನೆಗಳ ಆರ್ಡರ್‌ಗಳು ಅದರ ಅಚ್ಚಿನಲ್ಲೇ ಇವೆ. ರಜೆಯ ಮೇಲೆ ಹೋದ ಕಾರ್ಮಿಕ ಅದನ್ನು ಮುಂದುವರಿಸಬೇಕು ಅಂದರೆ ಅರ್ಜಿ ಕೊಡಬೇಕು ಅನ್ನುತ್ತೆ ಆ ಮಾದರಿ. ಅದರ ಜೊತೆಗೇ ಮಾಲೀಕನ ಮೇಲೂ ಒಂದು ಹೊಣೆ ಹೊರಿಸುತ್ತೆ: ಕೊಟ್ಟರೂ ಸರಿ, ನಿರಾಕರಿಸಿದರೂ ಸರಿ, ಲಿಖಿತ ಉತ್ತರ ಕಳಿಸಬೇಕು. ಆದರೆ ಈ ಹೊಣೆಗೆ ಎರಡು ಷರತ್ತು ಇವೆ. ಕಾರ್ಮಿಕನ ವಿಳಾಸ ಗೊತ್ತಿರಬೇಕು. ಮತ್ತು ಮೊದಲು ಕೊಟ್ಟ ರಜೆ ಮುಗಿಯುವುದರೊಳಗೆ ಉತ್ತರ ಅವನಿಗೆ ತಲುಪುವ ಸಾಧ್ಯತೆ ಇರಬೇಕು.

ಈ ಎರಡು ಷರತ್ತನ್ನು ಗಮನವಿಟ್ಟು ಓದಿ, ಯಾಕಂದರೆ ಇಡೀ ವ್ಯವಹಾರದ ಕೀಲಿ ಅಲ್ಲೇ ಇದೆ. ಸೋಮವಾರ ಬೆಳಗ್ಗೆ ಶಿಫ್ಟ್ ಶುರುವಾದ ಮೇಲೆ "ಸರ್, ಬರೋಕಾಗಲ್ಲ" ಅಂತ ಮೆಸೇಜ್ ಹಾಕಿದವನಿಗೆ ಉತ್ತರ ಕೊಡಬೇಕಾದ ಹೊಣೆಯಿಂದ ಮಾಲೀಕ ಆಗಲೇ ಜಾರಿಕೊಂಡಿರುತ್ತಾನೆ. ಅದೇ ಅರ್ಜಿ ಶನಿವಾರವೇ ಹೋಗಿದ್ದರೆ ಚೆಂಡು ಅವರ ಅಂಗಳದಲ್ಲಿ. ವಿಳಾಸದ ಕಥೆಯೂ ಹೀಗೇ. ಕಂಪನಿಯ ದಾಖಲೆಯಲ್ಲಿ ಇರೋದು ಪೀಣ್ಯದ ಬಾಡಿಗೆ ರೂಮಿನ ವಿಳಾಸ, ಮನುಷ್ಯ ಇರೋದು ದಾವಣಗೆರೆ ಆಸ್ಪತ್ರೆಯಲ್ಲಿ. ನೋಟಿಸು ಬಾಗಿಲು ಹಾಕಿದ ರೂಮಿಗೆ ಹೋಗಿ, "ಮನೆಯಲ್ಲಿ ಇಲ್ಲ" ಅಂತ ವಾಪಸ್ ಬಂದು, ಫೈಲಿನಲ್ಲಿ "ನೋಟಿಸಿಗೆ ಉತ್ತರಿಸಿಲ್ಲ" ಅಂತಾಗುತ್ತೆ. ವಿಸ್ತರಣೆಯ ಅರ್ಜಿಯಲ್ಲಿ ಈಗ ಎಲ್ಲಿದ್ದೀನಿ ಅನ್ನೋದನ್ನು ಬರೆಯುವುದು ಇದಕ್ಕೇ.

ಅದೇ ಮಾದರಿ ಆದೇಶದ ಮುಂದಿನ ಸಾಲು ಇನ್ನೂ ಗಟ್ಟಿ. ಕೊಟ್ಟ ರಜೆಯನ್ನೋ, ಆಮೇಲೆ ವಿಸ್ತರಿಸಿದ ರಜೆಯನ್ನೋ ಮೀರಿ ಉಳಿದ ಕಾರ್ಮಿಕ, ರಜೆ ಮುಗಿದ 8 ದಿನದೊಳಗೆ ವಾಪಸ್ ಬಂದು, ಯಾಕೆ ಬರಲಾಗಲಿಲ್ಲ ಅಂತ ಮಾಲೀಕನಿಗೆ ಒಪ್ಪಿಗೆಯಾಗುವಂತೆ ವಿವರಿಸದಿದ್ದರೆ, ಆ ಹುದ್ದೆಯ ಮೇಲಿನ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಕೆಲಸ ಹೋಯ್ತು ಅಂತಲ್ಲ, ಬದಲಿ ಕಾರ್ಮಿಕರ ಪಟ್ಟಿಗೆ ಇಳಿಯುತ್ತಾನೆ. ಕಾಯಂ ನೌಕರನೊಬ್ಬನಿಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹತ್ತು ದಿನಕ್ಕಿಂತ ಹೆಚ್ಚು ಅನುಮತಿ ಇಲ್ಲದ ಗೈರು ದುರ್ನಡತೆಯ ಪಟ್ಟಿಯಲ್ಲೂ ಇದೆ.

ಹಾಗಾದರೆ ಎಂಟು ದಿನ ದಾಟಿದರೆ ಮುಗೀತಾ? ಒಂದು ಕಾಲಕ್ಕೆ ಹೌದು ಅನ್ನಿಸುವಂತೆಯೇ ಇತ್ತು. 1963ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಗಿರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ನಿಯಮವನ್ನು ಇದ್ದ ಹಾಗೇ ಎತ್ತಿಹಿಡಿದಿತ್ತು. ದಿನ ಎಣಿಸು, ಹೆಸರು ಹೊಡಿ. 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಚಿತ್ರ ಬದಲಾಯ್ತು. ಎಂಟು ದಿನಕ್ಕಿಂತ ಹೆಚ್ಚು ಗೈರಾದ ಅಂತ ಕಂಪನಿ ಆತನ ಹೆಸರು ತೆಗೆದಿತ್ತು. ನನ್ನನ್ನು ಗೇಟಿನೊಳಗೇ ಬಿಡಲಿಲ್ಲ ಅನ್ನೋದು ಆತನ ವಾದ. ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಏನೇ ಬರೆದಿರಲಿ, ವಿವರಣೆ ಕೊಡುವ ಅವಕಾಶವಾಗಲಿ ವಿಚಾರಣೆಯಾಗಲಿ ಇಲ್ಲದೆ ಒಬ್ಬನ ಜೀವನೋಪಾಯ ಕಿತ್ತುಕೊಳ್ಳುವುದು ಸಂವಿಧಾನದ 14 ಮತ್ತು 21ನೇ ವಿಧಿಗೆ ವಿರುದ್ಧ ಅಂತ ಕೋರ್ಟು ಹೇಳಿತು. ಕೆಲಸ ವಾಪಸ್ ಕೊಡಿಸಿತು, ಅರ್ಧ ಹಿಂಬಾಕಿ ಕೂಲಿಯನ್ನೂ ಕೊಡಿಸಿತು. 2012ರ ಕೃಷ್ಣಕಾಂತ್ ಪರ್ಮಾರ್ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಅದು ಸರ್ಕಾರಿ ನೌಕರನದ್ದು. ಗೈರು ಉದ್ದೇಶಪೂರ್ವಕ ಅಂತ ವಿಚಾರಣೆಯಲ್ಲಿ ಸಾಬೀತಾಗಬೇಕು, ಆಸ್ಪತ್ರೆ, ಕಾಯಿಲೆ, ಅಪಘಾತದಂಥ ಕೈಮೀರಿದ ಕಾರಣವಿದ್ದರೆ ಗೈರೊಂದೇ ಕರ್ತವ್ಯಲೋಪವಾಗುವುದಿಲ್ಲ ಅನ್ನೋದು ಅದರ ತಿರುಳು.

ಈ ತೀರ್ಪುಗಳನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿಕೊಂಡು ನಿಶ್ಚಿಂತೆಯಿಂದ ಇರಬಹುದು ಅಂತ ನಾನು ಹೇಳ್ತಿಲ್ಲ. ಯಾದವ್ ಕೆಲಸ ಕಳೆದುಕೊಂಡಿದ್ದು 1980ರಲ್ಲಿ, ಗೆದ್ದಿದ್ದು 1993ರಲ್ಲಿ. ಕೋರ್ಟು ಎಲ್ಲ ಗೈರನ್ನೂ ಕ್ಷಮಿಸುತ್ತೆ ಅಂತಲೂ ಅಲ್ಲ. ನೋಟಿಸ್ ಕೊಟ್ಟು, ಉತ್ತರಕ್ಕೆ ಕಾದು, ಏನೂ ಬಾರದಾಗ ಬ್ಯಾಂಕುಗಳು ಕೈಗೊಂಡ ಕ್ರಮಗಳನ್ನು ಇದೇ ಸುಪ್ರೀಂ ಕೋರ್ಟ್ ಆಮೇಲೆ ಒಪ್ಪಿದೆ. ಎರಡು ಬಗೆಯ ತೀರ್ಪನ್ನೂ ಒಟ್ಟಿಗೆ ಓದಿದರೆ ಕಾಣುವ ವ್ಯತ್ಯಾಸ ಗೈರಿನ ದಿನಗಳ ಸಂಖ್ಯೆಯಲ್ಲಿ ಇಲ್ಲ. ನೌಕರ ಮಾತಾಡಿದನೋ ಸುಮ್ಮನಿದ್ದನೋ, ಮಾಲೀಕ ಕೇಳಿಸಿಕೊಂಡನೋ ಇಲ್ಲವೋ ಅನ್ನುವುದರಲ್ಲಿದೆ.

ಐಟಿ ಗೆಳೆಯರಿಗೆ ಒಂದು ಮಾತು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆಯಿಂದ ವಿನಾಯಿತಿಯನ್ನು ಮತ್ತೆ ಮತ್ತೆ ನವೀಕರಿಸುತ್ತಾ ಬಂದಿದೆ. ಹಾಗಾಗಿ "ಲಿಖಿತ ಉತ್ತರ ಕೊಡಲೇಬೇಕು" ಅನ್ನುವ ಸಾಲು ನಿಮ್ಮ ಕೈಗೆ ಸಿಗದೇ ಹೋಗಬಹುದು. ನಿಮ್ಮ ಪಾಲಿಗೆ ಕಂಪನಿಯ ಲೀವ್ ಪಾಲಿಸಿ, ನೇಮಕಾತಿ ಪತ್ರ ಮತ್ತು ಮೇಲೆ ಹೇಳಿದ ರಾಜ್ಯದ ಕಾಯ್ದೆಯೇ ಗತಿ. ನೇಮಕಾತಿ ಪತ್ರದಲ್ಲಿ ಎಷ್ಟು ದಿನ ತಿಳಿಸದೆ ಗೈರಾದರೆ "ಕೆಲಸ ಬಿಟ್ಟುಹೋದಂತೆ" ಅಂತ ಬರೆದಿದೆ, ಒಮ್ಮೆ ತೆಗೆದು ನೋಡಿ. ಮೂರು ದಿನ ಅಂತ ಬರೆದ ಪತ್ರಗಳನ್ನು ನಾನೇ ನೋಡಿದ್ದೇನೆ. ಕಾರ್ಖಾನೆಯವರಿಗೂ ನೆಲ ಸ್ವಲ್ಪ ಅಲುಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಹಳೆಯ ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆಯ ಜಾಗಕ್ಕೆ ಬಂದಿದೆ. ಕೇಂದ್ರ ಕಾಯ್ದೆಯಲ್ಲಿ 100 ಕಾರ್ಮಿಕರಿದ್ದರೆ ಸಾಕಿತ್ತು, ಸಂಹಿತೆಯಲ್ಲಿ ಅದು 300. ಇನ್ನೂರು ಜನರ ಗಾರ್ಮೆಂಟ್ಸ್ ಘಟಕದಲ್ಲಿ ತಾಯಿಯ ಆಪರೇಷನ್ನಿಗೆ ಎರಡು ದಿನ ಹೆಚ್ಚು ಉಳಿಯುವ ಹೆಣ್ಣುಮಗಳಿಗೆ ಈ ಸಂಖ್ಯೆಯ ಬದಲಾವಣೆ ಏನು ಮಾಡುತ್ತೆ ಅನ್ನೋದು ನಮ್ಮ ಟಿವಿ ಚರ್ಚೆಗಳಲ್ಲಿ ಬರಲೇ ಇಲ್ಲ.

ಸರ್ಕಾರಿ ನೌಕರಿಯಲ್ಲಾದರೆ ಆರಾಮ ಅಂತ ಅಂದುಕೊಳ್ಳುವವರಿಗೆ ಕೇಂದ್ರದ 1972ರ ರಜಾ ನಿಯಮಗಳ 25ನೇ ನಿಯಮ ತೋರಿಸಬೇಕು. ಅಧಿಕಾರಿ ವಿಸ್ತರಿಸದೆ ರಜೆ ಮೀರಿ ಉಳಿದರೆ ಆ ದಿನಗಳಿಗೆ ಸಂಬಳ ಇಲ್ಲ. ಅಷ್ಟೇ ಅಲ್ಲ, ಖಾತೆಯಲ್ಲಿರುವ ಅರ್ಧವೇತನ ರಜೆಯಿಂದ ಆ ದಿನಗಳು ಕಳೆದೂ ಹೋಗುತ್ತವೆ. ದುಡ್ಡೂ ಇಲ್ಲ, ರಜೆಯೂ ಇಲ್ಲ.

ಈಗ ಮಂಜು ಕಡೆ ವಾಪಸ್ ಬರೋಣ. ಶನಿವಾರ ಬೆಳಗ್ಗೆ ಹನ್ನೊಂದು ಗಂಟೆ. ಅವನು ಮೊದಲು ಮಾಡಬೇಕಾದ ಕೆಲಸ ಫೋನ್ ಅಲ್ಲ, ನರ್ಸಿಂಗ್ ಸ್ಟೇಷನ್ನಿಗೆ ಹೋಗುವುದು. ಕಂಪನಿ ದಾಖಲೆ ಕೇಳುತ್ತೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ದಾಖಲೆ ಡಿಸ್ಚಾರ್ಜ್ ಸಮ್ಮರಿ, ಆದರೆ ಅದು ಸಿಗೋದು ಡಿಸ್ಚಾರ್ಜ್ ಆದಾಗ. ಇನ್ನೂ ಒಳಗಿರುವ ರೋಗಿಗೆ ಬೇಕಿರೋದು ಒಂದು ಸಣ್ಣ ಪತ್ರ: ಇಂಥವರು, ಇಂಥ ಒಳರೋಗಿ ಸಂಖ್ಯೆ, ಇಂಥ ದಿನ ದಾಖಲಾದರು, ಇವತ್ತಿಗೂ ಒಳರೋಗಿಯಾಗಿದ್ದಾರೆ, ಇನ್ನು ಅಂದಾಜು ಇಷ್ಟು ದಿನ. ಡ್ಯೂಟಿ ಡಾಕ್ಟರ ಸಹಿ, ಆಸ್ಪತ್ರೆಯ ಸೀಲು. ಇದನ್ನು ಶನಿವಾರ ಮಧ್ಯಾಹ್ನದೊಳಗೆ ಕೇಳಿದರೆ ಒಳ್ಳೆಯದು. ಭಾನುವಾರ ದೊಡ್ಡ ಡಾಕ್ಟರು ಬರೋದು ಖಾತ್ರಿ ಇಲ್ಲ, ರೆಕಾರ್ಡ್ ವಿಭಾಗಕ್ಕೆ ಬೀಗ ಇರುತ್ತೆ. ಪತ್ರ ಸಿಗದಿದ್ದರೆ ದಾಖಲಾತಿ ಚೀಟಿಯ ಫೋಟೋ ಮತ್ತು ಅವತ್ತಿನ ದಿನಾಂಕ ಇರುವ ಒಂದು ಫಾರ್ಮಸಿ ಬಿಲ್ಲು ಸದ್ಯಕ್ಕೆ ನಡೆಯುತ್ತೆ. ಅಪ್ಪನ ಸ್ಕ್ಯಾನು, ರಕ್ತದ ರಿಪೋರ್ಟು, ಇಡೀ ಕೇಸ್ ಶೀಟು ಕಳಿಸೋದು ಬೇಡ. ಸೋಡಿಯಂ ಎಷ್ಟು ಅನ್ನೋದು ಮ್ಯಾನೇಜರಿಗೆ ಬೇಕಾದ ವಿಷಯ ಅಲ್ಲ, ಅದು ಹತ್ತು ಜನರ ಇನ್‌ಬಾಕ್ಸಿನಲ್ಲಿ ತಿರುಗಬೇಕಾದ ವಿಷಯವೂ ಅಲ್ಲ.

ಆಮೇಲೆ ಅರ್ಜಿ. ಇಂಗ್ಲಿಷಿನಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ತಿರುಳು ಇಷ್ಟೇ ಇರಲಿ:

"ಬುಧವಾರದಿಂದ ಶುಕ್ರವಾರದವರೆಗೆ ನನಗೆ ರಜೆ ಮಂಜೂರಾಗಿತ್ತು. ಗುರುವಾರ ಆಪರೇಷನ್ ಆದ ನನ್ನ ತಂದೆಗೆ ನಿನ್ನೆ ರಾತ್ರಿಯಿಂದ ಜ್ವರವಿದ್ದು, ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ. ಮಂಗಳವಾರ ಅಥವಾ ಬುಧವಾರ ಬಿಡುಗಡೆ ಆಗಬಹುದು ಎಂದು ವೈದ್ಯರು ತಿಳಿಸಿದ್ದಾರೆ. ಸೋಮವಾರದಿಂದ ಬುಧವಾರದವರೆಗೆ ಮೂರು ದಿನ ರಜೆ ವಿಸ್ತರಿಸಬೇಕಾಗಿ ಕೋರುತ್ತೇನೆ. ಗುರುವಾರ ಕೆಲಸಕ್ಕೆ ಹಾಜರಾಗುತ್ತೇನೆ. ಇದರಲ್ಲಿ ಬದಲಾವಣೆ ಆಗುವಂತಿದ್ದರೆ ಮಂಗಳವಾರ ಸಂಜೆ ತಿಳಿಸುತ್ತೇನೆ. ಆಸ್ಪತ್ರೆಯ ಪತ್ರ ಲಗತ್ತಿಸಿದ್ದೇನೆ. ಅಲ್ಲಿಯವರೆಗೆ ನಾನು ದಾವಣಗೆರೆಯ ಈ ಕೆಳಗಿನ ವಿಳಾಸ ಮತ್ತು ಫೋನಿನಲ್ಲಿ ಸಿಗುತ್ತೇನೆ. ದಯವಿಟ್ಟು ಉತ್ತರವನ್ನು ಇದೇ ಮೇಲ್‌ಗೆ ತಿಳಿಸಿ."

"ಅಪ್ಪ ಹುಷಾರಾಗುವವರೆಗೆ" ಅಂತ ಬರೆಯೋದು ಸಹಜ, ಆದರೆ ಕೊನೆಯಿಲ್ಲದ ರಜೆಯನ್ನು ಯಾರೂ ಮಂಜೂರು ಮಾಡಲಾರರು. ಒಂದು ದಿನಾಂಕ ಕೊಟ್ಟು, ಅದು ಬದಲಾದರೆ ಯಾವಾಗ ತಿಳಿಸ್ತೀನಿ ಅನ್ನುವ ಇನ್ನೊಂದು ದಿನಾಂಕವನ್ನೂ ಕೊಟ್ಟರೆ, ಟೀಮಿನವರು ಪ್ಲಾನ್ ಮಾಡಿಕೊಳ್ಳಬಹುದು. ದಿನ ಎಣಿಸುವಾಗ ಡಿಸ್ಚಾರ್ಜಿನ ದಿನವನ್ನು ಪೂರ್ತಿ ಹಿಡಿಯಿರಿ. ಬೆಳಗ್ಗೆ "ಮನೆಗೆ ಹೋಗಬಹುದು" ಅಂದರೂ ಬಿಲ್ಲು, ಇನ್ಶೂರೆನ್ಸ್ ಅನುಮತಿ ಎಲ್ಲ ಮುಗಿದು ಆಂಬುಲೆನ್ಸ್ ಹತ್ತುವಾಗ ಸಂಜೆಯಾಗಿರುತ್ತೆ. ಆಸ್ಪತ್ರೆಯ ಮನವಿ ಬಂದ ಮೂರು ಗಂಟೆಯೊಳಗೆ ಕ್ಯಾಶ್‌ಲೆಸ್ ಅಂತಿಮ ಅನುಮತಿ ಕೊಡಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಆದರೆ ಆ ಮನವಿ ಆಸ್ಪತ್ರೆಯಿಂದ ಹೊರಡೋಕೇ ಮಧ್ಯಾಹ್ನ ಆಗಿರುತ್ತೆ.

ಇನ್ನೊಂದು ಗುಂಡಿ ಕಂಪನಿಯ ರಜೆ ಪೋರ್ಟಲ್ಲಿನಲ್ಲಿದೆ. ಇಂಜಿನಿಯರಿಂಗ್ ಓದಿದ ಪಾಪಕ್ಕೆ ಇಂಥ ಸಾಫ್ಟ್‌ವೇರುಗಳ ಒಳಗಿನ ತರ್ಕ ನನಗೆ ಸ್ವಲ್ಪ ಅರ್ಥವಾಗುತ್ತೆ. ಕೆಲವು ಪೋರ್ಟಲ್ಲುಗಳಲ್ಲಿ ಮಂಜೂರಾದ ರಜೆಯ ಕೊನೆಯ ದಿನಾಂಕ ತಿದ್ದಿದರೆ, ಅದು ಹಳೆಯ ಅನುಮತಿಯನ್ನು ರದ್ದು ಮಾಡಿ, ಇಡೀ ಅವಧಿಯನ್ನು ಹೊಸ ಅರ್ಜಿಯಾಗಿ ಮತ್ತೆ ಕಳಿಸುತ್ತೆ. ಅಂದರೆ ಕೈಯಲ್ಲಿದ್ದ ಮೂರು ದಿನವೂ ಮತ್ತೆ "ಪೆಂಡಿಂಗ್". ಮ್ಯಾನೇಜರ್ ನೋಡದಿದ್ದರೆ ಆರಕ್ಕೆ ಆರೂ ದಿನ ಗೈರು. ಅದಕ್ಕೇ ಹಳೆಯದನ್ನು ಮುಟ್ಟದೆ, ಸೋಮವಾರದಿಂದ ಶುರುವಾಗುವ ಪ್ರತ್ಯೇಕ ಅರ್ಜಿ ಹಾಕುವುದು ಕ್ಷೇಮ. ಕಾರಣದ ಜಾಗದಲ್ಲಿ "ಹಿಂದಿನ ರಜೆಯ ಮುಂದುವರಿಕೆ" ಅಂತ ಬರೆದರಾಯ್ತು. ವಿಪಿಎನ್ ಇಲ್ಲದೆ ಪೋರ್ಟಲ್ ತೆರೆಯದಿದ್ದರೆ, ತೆರೆಯಲಿಲ್ಲ ಅನ್ನೋದನ್ನೂ ಮೇಲ್‌ನಲ್ಲೇ ಒಂದು ಸಾಲು ಬರೆದು, ಎಚ್‌ಆರ್‌ಗೂ ಪ್ರತಿ ಹಾಕಿ.

ಮಂಜುವಿನ ಮ್ಯಾನೇಜರ್ ಭಾನುವಾರ ಸಂಜೆ ವಾಟ್ಸ್ಯಾಪಿನಲ್ಲಿ ಒಂದು ಹೆಬ್ಬೆರಳು ಎತ್ತಿ ಕಳಿಸಿದರು ಅಂತಿಟ್ಟುಕೊಳ್ಳಿ. ಒಳ್ಳೆಯ ಮನುಷ್ಯರೇ, ಸಂಶಯ ಬೇಡ. ಆದರೆ ಆ ಹೆಬ್ಬೆರಳನ್ನು ಪೋರ್ಟಲ್ ಓದುವುದಿಲ್ಲ. ಪೋರ್ಟಲ್ಲಿನಲ್ಲಿ ಮೂರು ದಿನ ಅನುಮತಿ ಇಲ್ಲದೆ ಕಳೆದರೆ ಎಚ್‌ಆರ್‌ನ ಎಚ್ಚರಿಕೆ ಪತ್ರ ತಾನಾಗಿ ಹೊರಡುವ ವ್ಯವಸ್ಥೆಗಳೂ ಇವೆ, ಮ್ಯಾನೇಜರಿಗೆ ಗೊತ್ತೇ ಇರದ ಹಾಗೆ. ಹಾಗಾಗಿ ಆ ಹೊತ್ತಿಗೇ ಒಂದು ಸಾಲಿನ ಮೇಲ್: "ಸರ್, ಇವತ್ತು ವಾಟ್ಸ್ಯಾಪಿನಲ್ಲಿ ಒಪ್ಪಿಗೆ ಕೊಟ್ಟಿದ್ದಕ್ಕೆ ಧನ್ಯವಾದ, ಬುಧವಾರದವರೆಗೆ ರಜೆಯಲ್ಲಿರುತ್ತೇನೆ. ಪೋರ್ಟಲ್ಲಿನಲ್ಲೂ ಅಪ್ರೂವ್ ಮಾಡಿಬಿಡಿ." ಇದರಲ್ಲಿ ಅಪನಂಬಿಕೆ ಏನೂ ಇಲ್ಲ. ಮುಂದಿನ ತಿಂಗಳು ಆ ಮ್ಯಾನೇಜರ್ ಬೇರೆ ಪ್ರಾಜೆಕ್ಟಿಗೆ ಹೋದರೂ ಆ ಮೇಲ್ ಇರುತ್ತೆ.

ಬೇಡ ಅಂತ ಉತ್ತರ ಬಂದರೆ? ಮೊದಲು ಅದನ್ನು ಬರೆದು ಕೊಡಲು ಕೇಳಿ. ಅಣ್ಣನೋ ತಂಗಿಯೋ ಬಂದು ಕೂರುವ ದಾರಿ ಇದ್ದರೆ ಮಂಜು ಹೊರಡಬೇಕಾಗುತ್ತೆ, ಅದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನ ಇಲ್ಲ. ಬೇರೆ ಯಾರೂ ಇಲ್ಲದಿದ್ದರೆ ಅದನ್ನೇ ಬರೆಯಬೇಕು: ಮನೆಯಲ್ಲಿ ಬೇರೆ ಯಾರೂ ಇಲ್ಲ, ಸಂಬಳ ಕಡಿತವಾದರೂ ಒಪ್ಪಿಗೆ ಇದೆ, ಗುರುವಾರ ಬರುತ್ತೇನೆ. ಪರ್ಮಾರ್ ತೀರ್ಪಿನ ಭಾಷೆಯಲ್ಲಿ ಹೇಳುವುದಾದರೆ, ಗೈರು ಉದ್ದೇಶಪೂರ್ವಕವಲ್ಲ ಅನ್ನುವ ಸಾಕ್ಷಿ ತಯಾರಾಗೋದು ಇಂಥ ಪತ್ರದಿಂದಲೇ. ಸಿಟ್ಟಿನಲ್ಲಿ ಫೋನ್ ಸ್ವಿಚ್ ಆಫ್ ಮಾಡಿದರೆ ಅದರ ಉಲ್ಟಾ ಸಾಕ್ಷಿ ತಯಾರಾಗುತ್ತೆ.

ಇನ್ನು ದುಡ್ಡಿನ ಲೆಕ್ಕ. ಮಂಜು ಕೆಲಸಕ್ಕೆ ಬಾರದ ದಿನಗಳು ಆರು: ಬುಧ, ಗುರು, ಶುಕ್ರ, ಸೋಮ, ಮಂಗಳ, ಬುಧ. ಅವನ ಖಾತೆಯಲ್ಲಿ ಇದ್ದ ಗಳಿಕೆ ರಜೆ ನಾಲ್ಕು. ಉಳಿದ ಎರಡು ದಿನಕ್ಕೆ ಸಂಬಳ ಇಲ್ಲ. 36,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ 1,200, ಹಾಗಾಗಿ ಕಡಿತ 2,400. ಆದರೆ ಅವನ ಕಂಪನಿಯಲ್ಲಿ "ಸ್ಯಾಂಡ್‌ವಿಚ್" ನಿಯಮ ಇದ್ದರೆ, ಎರಡು ರಜೆಗಳ ನಡುವೆ ಸಿಕ್ಕ ಶನಿವಾರ ಮತ್ತು ಭಾನುವಾರವೂ ರಜೆ ಅಂತಲೇ ಲೆಕ್ಕ. ಆರು ಎಂಟಾಯ್ತು, ಕಡಿತ 4,800 ಆಯ್ತು. ಶುಕ್ರವಾರಕ್ಕೆ ಮುಗಿದಿದ್ದ ರಜೆಯಲ್ಲಿ ಈ ಶನಿವಾರ, ಭಾನುವಾರ ಲೆಕ್ಕಕ್ಕೇ ಇರಲಿಲ್ಲ. ವಿಸ್ತರಣೆ ಅವನ್ನು ಹಿಂದಿನಿಂದ ಎಳೆದು ತಂದಿತು. ಅಂದರೆ ವಿಸ್ತರಿಸಿದ ಮೊದಲ ದಿನ, ಆ ಸೋಮವಾರ, ಒಂದು ದಿನದ ಬದಲು ಮೂರು ದಿನ ತಿಂದಿತು.

ಅರ್ಜಿಯನ್ನು ಎರಡು ಮಾಡಿ ಹಾಕಿದರೆ ಇದರಿಂದ ತಪ್ಪಿಸಿಕೊಳ್ಳಬಹುದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಆಗಲ್ಲ, ಲೆಕ್ಕ ನಡೆಯೋದು ಹಾಜರಾತಿಯ ಮೇಲೆ. ಸೋಮವಾರ ಆಸ್ಪತ್ರೆಯಿಂದಲೇ ವರ್ಕ್ ಫ್ರಮ್ ಹೋಮ್ ಮಾಡಿದರೆ ಸರಪಳಿ ತುಂಡಾಗುತ್ತೆ ಅನ್ನೋದು ನಿಜ. ಆದರೆ ಒಂದು ಕೈಯಲ್ಲಿ ಲ್ಯಾಪ್‌ಟಾಪು, ಒಂದು ಕೈಯಲ್ಲಿ ಅಪ್ಪನ ಡ್ರಿಪ್ಪು ಹಿಡಿದು ಪೂರ್ತಿ ದಿನದ ಕೆಲಸ ತೋರಿಸಬೇಕು. ನಾನಂತೂ ಯಾರಿಗೂ ಅದನ್ನು ಸಲಹೆಯಾಗಿ ಕೊಡಲಾರೆ. ಗಮನಿಸಬೇಕಾದ್ದು ಇನ್ನೊಂದಿದೆ. 1948ರ ಕಾರ್ಖಾನೆ ಕಾಯ್ದೆಯ 79ನೇ ಸೆಕ್ಷನ್ನಿನಲ್ಲಿ, ವಾರ್ಷಿಕ ರಜೆಯ ನಡುವೆಯೋ ಅಂಚಿನಲ್ಲೋ ಬರುವ ಬಿಡುವಿನ ದಿನಗಳನ್ನು ರಜೆಯಲ್ಲಿ ಎಣಿಸಬಾರದು ಅಂತ ವಿವರಣೆಯೇ ಇತ್ತು. ಕಾರ್ಖಾನೆ ಕಾರ್ಮಿಕರಿಗೆ ಸಂಸತ್ತು ಎಷ್ಟೋ ದಶಕಗಳ ಹಿಂದೆಯೇ ಬೇಡ ಅಂದಿದ್ದನ್ನು, ಇವತ್ತಿನ ಎಸಿ ಆಫೀಸುಗಳು ಪಾಲಿಸಿ ಅಂತ ಹೆಸರಿಟ್ಟು ನಡೆಸುತ್ತಿವೆ. ಅದಕ್ಕೊಂದು ತಿಂಡಿಯ ಹೆಸರು ಬೇರೆ.

ಇಲ್ಲೇ ಆ 12 ದಿನದ ರಜೆ ಉಪಯೋಗಕ್ಕೆ ಬರೋದು. ಮಂಜು ಅದರಲ್ಲಿ ಐದು ದಿನ ಉಳಿಸಿಕೊಂಡಿದ್ದರೆ, ಸೋಮವಾರದಿಂದ ಬುಧವಾರದ ವಿಸ್ತರಣೆಯನ್ನು ಅದರಲ್ಲಿ ಕೇಳಬಹುದಿತ್ತು. ಮೊದಲಿನ ಮೂರು ದಿನ ಗಳಿಕೆ ರಜೆಗೆ, ಆಮೇಲಿನ ಮೂರು ದಿನ ಇದಕ್ಕೆ. ಮಧ್ಯದ ಶನಿವಾರ, ಭಾನುವಾರವನ್ನು ಕಂಪನಿ ಎಣಿಸಿದರೂ ಒಂದು ದಿನ ಗಳಿಕೆ ರಜೆಯಿಂದ, ಒಂದು ಇದರಿಂದ ಹೋಗುತ್ತಿತ್ತು, ಸಂಬಳಕ್ಕೆ ಕೈ ಬೀಳುತ್ತಿರಲಿಲ್ಲ.

ಗುರುವಾರ ಆಫೀಸಿಗೆ ಹೋದ ಮೇಲೆ ಅವನಿಗೆ ಇನ್ನೂ ಎರಡು ಕೆಲಸ ಇದೆ. ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟವನ್ನು, ಅಂದರೆ ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ಇರುವ ಭಾಗವನ್ನು ಮಾತ್ರ, ಹಳೆಯ ಮೇಲ್‌ಗೆ ಉತ್ತರವಾಗಿ ಕಳಿಸಿ ಆ ಸರಣಿಯನ್ನು ಮುಗಿಸಬೇಕು. ಆಮೇಲೆ ಸಂಬಳದ ಚೀಟಿ ಬಂದಾಗ ದುಡ್ಡಿನ ಜೊತೆ ಪದವನ್ನೂ ನೋಡಬೇಕು. ಕಡಿತದ ಮೊತ್ತ ಎರಡರಲ್ಲೂ ಅದೇ ಇರುತ್ತೆ, ಆದರೆ "ಸಂಬಳರಹಿತ ರಜೆ" ಅಂದರೆ ಅನುಮತಿ ಇತ್ತು, "ಅನಧಿಕೃತ ಗೈರು" ಅಂದರೆ ಇರಲಿಲ್ಲ ಅಂತ. ಎರಡನೆಯದು ಫೈಲಿನಲ್ಲಿ ಕೂತರೆ ಮುಂದಿನ ಬಾರಿ ಅಮ್ಮನಿಗೆ ಏನಾದರೂ ಆದಾಗ "ಇವನು ಹಿಂದೆಯೂ ಹೀಗೇ" ಅನ್ನೋದಕ್ಕೆ ಬಳಕೆಯಾಗುತ್ತೆ. ತಿಂಗಳ ಕೊನೆಯ ವಾರದ ರಜೆಯಾಗಿದ್ದರೆ ಇದು ಮರುತಿಂಗಳ ಚೀಟಿಯಲ್ಲಿ ಬರಬಹುದು, ಯಾಕಂದರೆ ಹಾಜರಾತಿಯ ಲೆಕ್ಕವನ್ನು ಪೇರೋಲ್‌ನವರು ತಿಂಗಳು ಮುಗಿಯುವ ಮೊದಲೇ ಕಟ್ಟಿಬಿಟ್ಟಿರುತ್ತಾರೆ. ಹಾಗಾಗಿ ಎರಡು ತಿಂಗಳ ಚೀಟಿ ನೋಡಿ, ತಪ್ಪು ಪದ ಕಂಡರೆ ಶನಿವಾರದ ಆ ಮೇಲ್ ಜೊತೆಗಿಟ್ಟು ತಿದ್ದಿಸಿಕೊಳ್ಳಿ.